ಸ್ಟೈಲಿಸ್ಟ್‌ಗೆ ಹೆರಿಗೆ ರಜೆ: ಬುಕಿಂಗ್ ಪುಸ್ತಕ ಕೆಡದಂತೆ ಯಾವ ದಾರಿ ಹಿಡಿಯಬೇಕು?

ಹಾಸನದಲ್ಲಿ ಬ್ಯೂಟಿ ಪಾರ್ಲರ್‌ಗೆ ಬರುವವರು ಬೋರ್ಡು ನೋಡಿ ಬರುವುದಕ್ಕಿಂತ ಕೈ ನೋಡಿ ಬರುವುದೇ ಹೆಚ್ಚು. ಫೋನ್ ಮಾಡಿದವರು ಮೊದಲು ದರ ಕೇಳುವುದಿಲ್ಲ, "ಅಕ್ಕ ಇದ್ದಾರಾ?" ಎಂದು ಕೇಳುತ್ತಾರೆ. ಆ ಅಕ್ಕ ಗರ್ಭಿಣಿ ಎಂದು ತಿಳಿದ ದಿನ ಮಾಲೀಕರಿಗೆ ಸಂತೋಷದ ಜೊತೆಗೆ ಒಂದು ಲೆಕ್ಕವೂ ತಲೆಗೆ ಹತ್ತುತ್ತದೆ: ಆರು ತಿಂಗಳು ಆ ಕುರ್ಚಿಯಲ್ಲಿ ಯಾರು ನಿಲ್ಲುತ್ತಾರೆ? ಬಹಳ ಪಾರ್ಲರ್‌ಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ರಜೆ ಶುರುವಾದ ಮೇಲೆ. ಆಗ ಆಯ್ಕೆ ಮಾಡಿಕೊಳ್ಳಲು ಉಳಿದಿರುವುದು ಕಡಿಮೆ.

ಇಲ್ಲಿ ಸಾಲಗಾಮೆ ರಸ್ತೆಯಲ್ಲಿರಬಹುದಾದ ಒಂದು ಪಾರ್ಲರ್ ಅನ್ನು ಕಣ್ಣ ಮುಂದೆ ಇಟ್ಟುಕೊಂಡು ದಾರಿಗಳನ್ನು ಹೋಲಿಸುತ್ತೇನೆ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟವು. ನಿಮ್ಮ ಪುಸ್ತಕದ ಅಂಕಿ ಹಾಕಿ ನೋಡಿಕೊಳ್ಳಿ. ಮಾಲೀಕರು ಸ್ವತಃ ಕೂದಲು ಕತ್ತರಿಸುತ್ತಾರೆ. ಒಬ್ಬ ಹಿರಿಯ ಸ್ಟೈಲಿಸ್ಟ್, ಮೂರು ವರ್ಷದ ಅನುಭವವಿರುವ ಒಬ್ಬ ಕಿರಿಯಳು, ಥ್ರೆಡಿಂಗ್ ಮತ್ತು ವ್ಯಾಕ್ಸಿಂಗ್‌ಗೆ ಇನ್ನೊಬ್ಬಳು, ಮೇಲುಕೆಲಸಕ್ಕೆ ಒಬ್ಬರು ಇದ್ದಾರೆ. ಹಿರಿಯ ಸ್ಟೈಲಿಸ್ಟ್‌ಗೆ ತಿಂಗಳಿಗೆ 18,000 ರೂಪಾಯಿ. ಹೆರಿಗೆಗೆ ವೈದ್ಯರು ಕೊಟ್ಟ ದಿನಾಂಕ ಸೆಪ್ಟೆಂಬರ್ ಮಧ್ಯಭಾಗ.

ಮೊದಲು ಪುಸ್ತಕವನ್ನು ಬಿಡಿಸಿ ನೋಡಿ

"ಆಕೆ ಇಲ್ಲದಿದ್ದರೆ ಅರ್ಧ ವ್ಯಾಪಾರ ಹೋಗುತ್ತದೆ" ಎನ್ನುವುದು ಭಯದ ಮಾತು. ಹಿಂದಿನ ಮೂರು ತಿಂಗಳ ಪುಟಗಳನ್ನು ತೆರೆದು, ಆಕೆಯ ಹೆಸರಿನ ಮುಂದಿರುವ ಕೆಲಸಗಳನ್ನು ಬಗೆಬಗೆಯಾಗಿ ವಿಂಗಡಿಸಿದರೆ ಚಿತ್ರ ಬೇರೆಯಾಗುತ್ತದೆ. ನಮ್ಮ ಉದಾಹರಣೆಯ ಸ್ಟೈಲಿಸ್ಟ್ ತಿಂಗಳಿಗೆ ಸುಮಾರು 130 ಗಂಟೆ ಬುಕ್ ಆಗುತ್ತಾರೆ. ಅದರಲ್ಲಿ 60 ಗಂಟೆ ಬೇರಿನ ಬಿಳಿ ಕೂದಲಿಗೆ ಬಣ್ಣ ಹಚ್ಚುವುದು, ಅಂದರೆ ನಮ್ಮಲ್ಲಿ ಎಲ್ಲರೂ ಹೇಳುವ ರೂಟ್ ಟಚಪ್. ತಿಂಗಳಿಗೆ 40 ಜನ. 30 ಗಂಟೆ ಹೇರ್‌ಕಟ್, 45 ಜನ. 20 ಗಂಟೆ ಸ್ಮೂದನಿಂಗ್ ಮತ್ತು ಕೆರಾಟಿನ್, ಐದೇ ಜನ. ಉಳಿದ 20 ಗಂಟೆ ಎರಡು ಮದುಮಗಳ ಅಲಂಕಾರಕ್ಕೆ, ಅದರ ಮುಂಚಿನ ಟ್ರಯಲ್‌ಗೆ ಹೋಗುತ್ತದೆ.

ಈ ನಾಲ್ಕೂ ಒಂದೇ ರೀತಿಯ ಗ್ರಾಹಕರಲ್ಲ. ರೂಟ್ ಟಚಪ್‌ನವರು ನಾಲ್ಕರಿಂದ ಆರು ವಾರಕ್ಕೊಮ್ಮೆ ಬರಲೇಬೇಕು, ಏಕೆಂದರೆ ಬೈತಲೆಯ ಬಿಳಿ ಕಾಯುವುದಿಲ್ಲ. ಆರು ತಿಂಗಳ ರಜೆಯಲ್ಲಿ ಅವರು ಐದಾರು ಸಲ ಬರುತ್ತಾರೆ. ಎರಡು ಸಲ ಬೇರೆ ಕಡೆ ಹೋದರೆ ಅಲ್ಲಿಯವರೇ ಆಗಿಬಿಡುತ್ತಾರೆ. ಹೇರ್‌ಕಟ್‌ನವರು ಎರಡು ತಿಂಗಳಿಗೊಮ್ಮೆ ಬರುತ್ತಾರೆ, ಒಂದು ವಾರ ಮುಂದೆ ಹಾಕಿದರೂ ಸಿಟ್ಟಾಗುವುದಿಲ್ಲ. ಸ್ಮೂದನಿಂಗ್‌ನವರು ವರ್ಷಕ್ಕೊಮ್ಮೆ ಬರುವವರು, ಹಣ ಹೆಚ್ಚು, ನಿಷ್ಠೆ ಕಡಿಮೆ. ಮದುಮಗಳು ಒಮ್ಮೆ ಬರುವವಳು. ಆದರೆ ಅವಳ ಹಿಂದೆ ನಾಲ್ಕು ಊರಿನ ನೆಂಟರಿರುತ್ತಾರೆ.

ಆದ್ದರಿಂದ ಕಾಪಾಡಬೇಕಾದದ್ದು ಮೊದಲು ಆ 40 ಜನರನ್ನು. ಮುಂದಿನ ಹೋಲಿಕೆಗೆಲ್ಲ ಇದೇ ಅಳತೆಗೋಲು.

ರಜೆ ಕ್ಯಾಲೆಂಡರಿನಲ್ಲಿ ಎಲ್ಲಿ ಬೀಳುತ್ತದೆ

ಕೇಳಿಕೊಳ್ಳಬೇಕಾದ ದಿನಾಂಕಗಳು ಮೂರು: ಸೀಮಂತ ಯಾವಾಗ, ಹೆರಿಗೆ ಯಾವಾಗ, ತವರಿನಿಂದ ಮರಳುವುದು ಯಾವಾಗ. ಮಾಲೀಕರು ನಡುವಿನದನ್ನು ಮಾತ್ರ ಕೇಳುತ್ತಾರೆ. ಚೊಚ್ಚಲ ಹೆರಿಗೆಯಾದರೆ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಕರೆದುಕೊಂಡು ಹೋಗುವುದು ನಮ್ಮ ಕಡೆ ಇನ್ನೂ ರೂಢಿ. ಸೆಪ್ಟೆಂಬರ್ ಹೆರಿಗೆಗೆ ಏಳನೇ ತಿಂಗಳು ಜೂನ್‌ನಲ್ಲಿ ಬೀಳುತ್ತದೆ. ಆಷಾಢ ಹತ್ತುವ ಮುಂಚೆ ಶಾಸ್ತ್ರ ಮುಗಿಸಬೇಕೆಂದು ಹಿರಿಯರು ಅವಸರ ಮಾಡುತ್ತಾರೆ. ವೈದ್ಯರ ದಿನಾಂಕದಿಂದ ಎಂಟು ವಾರ ಹಿಂದೆ ಎಣಿಸಿ ಜುಲೈ ಮಧ್ಯದಿಂದ ರಜೆ ಎಂದು ನೀವು ಬರೆದುಕೊಂಡಿದ್ದರೆ, ಆಕೆಯ ತಾಯಿ ಅರಕಲಗೂಡಿನಿಂದ ಜೂನ್ ಕೊನೆಗೇ ಕಾರು ತರುತ್ತಾರೆ. ಆ ಎರಡು ಮೂರು ವಾರದ ವ್ಯತ್ಯಾಸವೇ ಪುಸ್ತಕ ಕೆಡುವ ಮೊದಲ ಜಾಗ. ಸೀಮಂತದ ಮಾತು ಮನೆಯಲ್ಲಿ ಶುರುವಾಗುವ ಮುಂಚೆ, ಏಪ್ರಿಲ್‌ನಲ್ಲೇ ಕುಳಿತು ಮಾತಾಡಿಕೊಳ್ಳಿ. ಆದರೆ ಆಕೆ ತಾನಾಗಿ ಹೇಳುವವರೆಗೆ ಅಂಗಡಿಯಲ್ಲಿ ಯಾರ ಬಾಯಿಗೂ ಆ ವಿಷಯ ಬರಬಾರದು.

ಜುಲೈ ಮಧ್ಯದಿಂದ 26 ವಾರ ಎಂದರೆ ಜನವರಿ ಮಧ್ಯ, ಸಂಕ್ರಾಂತಿಯ ಆಸುಪಾಸು. ಈ ಅವಧಿಯಲ್ಲಿ ಆಷಾಢ ಬರುತ್ತದೆ, ಪಿತೃಪಕ್ಷ ಬರುತ್ತದೆ, ಡಿಸೆಂಬರ್ ಮಧ್ಯದಿಂದ ಧನುರ್ಮಾಸ ಬರುತ್ತದೆ. ಇವುಗಳಲ್ಲಿ ಮದುವೆ ಇಲ್ಲ. ನಿಜವಾದ ಒತ್ತಡದ ವಾರಗಳು ಎರಡೇ ಕಡೆ. ಒಂದು, ಶ್ರಾವಣದ ವರಮಹಾಲಕ್ಷ್ಮಿಯಿಂದ ಗೌರಿ ಹಬ್ಬದವರೆಗೆ. ಇನ್ನೊಂದು, ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಿಂದ ಹಿಡಿದು ದೀಪಾವಳಿ ದಾಟಿ ಕಾರ್ತೀಕದ ಮದುವೆಗಳವರೆಗೆ. ಹಾಸನಾಂಬೆಯ ದಿನಗಳಲ್ಲಿ ಊರು ತುಂಬಿದರೂ ನಮ್ಮ ಕಾಯಂ ಗ್ರಾಹಕರು ರಸ್ತೆಯ ಗದ್ದಲಕ್ಕೆ ಹೆದರಿ ಮನೆಯಲ್ಲೇ ಉಳಿಯುವುದುಂಟು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆರು ತಿಂಗಳಿಗೆ ಪರ್ಯಾಯ ಹುಡುಕುವ ಬದಲು ಈ ಎಂಟು ಹತ್ತು ವಾರಗಳಿಗೆ ಗಟ್ಟಿ ವ್ಯವಸ್ಥೆ, ಉಳಿದದ್ದಕ್ಕೆ ಸಾಧಾರಣ ವ್ಯವಸ್ಥೆ ಸಾಕು. ಹೆರಿಗೆ ಮಾರ್ಚ್‌ನಲ್ಲಿದ್ದು ರಜೆಯೊಳಗೆ ವೈಶಾಖ ಬಿದ್ದರೆ ಈ ಮಾತು ಹಾಗೇ ಹೊಂದುವುದಿಲ್ಲ, ಹೊಸದಾಗಿ ಎಣಿಸಬೇಕು.

ಖಾಲಿ ಕುರ್ಚಿಗೆ ನಾಲ್ಕು ದಾರಿ

ಮೊದಲನೆಯದು, ಎಲ್ಲರಿಗೂ ಥಟ್ಟನೆ ಹೊಳೆಯುವುದು: ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಒಬ್ಬ ಅನುಭವಿಯನ್ನು ಆರು ತಿಂಗಳಿಗೆ ಕರೆತರುವುದು. ತಿಂಗಳಿಗೆ 22,000 ಸಂಬಳ, ಇರಲು ಕೋಣೆಗೆ 4,000 ಎಂದರೂ ಆರು ತಿಂಗಳಿಗೆ 1,56,000. ಹಳಬರ ಜೊತೆ ಒಂದು ತಿಂಗಳು ಪಕ್ಕದಲ್ಲಿ ನಿಂತು ಕಲಿಯಲು ಇನ್ನೊಂದು 26,000. ಒಟ್ಟು 1,82,000. ಅನುಕೂಲ ದೊಡ್ಡದು: ಸ್ಮೂದನಿಂಗ್, ಮದುಮಗಳು ಎಲ್ಲವೂ ನಡೆಯುತ್ತದೆ. ತೊಂದರೆ ಆಮೇಲೆ ಗೊತ್ತಾಗುತ್ತದೆ. ಆರು ತಿಂಗಳಲ್ಲಿ ಐದಾರು ಸಲ ಆಕೆಯ ಕೈಯಲ್ಲಿ ಬಣ್ಣ ಹಚ್ಚಿಸಿಕೊಂಡವರು ಆಕೆಯವರಾಗುತ್ತಾರೆ. ಗ್ರಾಹಕರೇ ನಂಬರ್ ಕೊಡುತ್ತಾರೆ, ಯಾರೂ ಕದಿಯಬೇಕಿಲ್ಲ. ಹತ್ತಿರದಲ್ಲೇ ಅಂಗಡಿ ತೆರೆದರೆ ನೀವು ತಡೆಯಲಾರಿರಿ. ಮಾಲೀಕರಿಗೆ ಕೂದಲಿನ ಕೆಲಸ ಬರುವುದಿಲ್ಲ, ಅಂಗಡಿಯ ಹೆಚ್ಚಿನ ಆದಾಯ ಈ ಒಬ್ಬರ ಕೈಯಿಂದಲೇ ಎಂಬಂತಿದ್ದರೆ ಮಾತ್ರ ನಾನು ಈ ದಾರಿ ಹಿಡಿಯುತ್ತೇನೆ.

ಎರಡನೆಯದು, ಇರುವವರಿಗೇ ಹಂಚುವುದು. ರೂಟ್ ಟಚಪ್ ಕಿರಿಯಳಿಗೆ, ಹೇರ್‌ಕಟ್ ಬಹುಪಾಲು ಮಾಲೀಕರಿಗೆ. ತಿಂಗಳಿಗೆ 40 ಎಂದರೆ ದಿನಕ್ಕೆ ಒಂದೂವರೆ. ಅದು ಕಿರಿಯಳ ಕೈಗೆ ಭಾರವೇನಲ್ಲ. ಭಾರ ಬೀಳುವುದು ಬೇರೆ ಕಡೆ. ಅವಳು ಬಣ್ಣದ ಕುರ್ಚಿಗೆ ಹೋದ ಕೂಡಲೇ ಅವಳು ನಡುನಡುವೆ ಮಾಡುತ್ತಿದ್ದ ಥ್ರೆಡಿಂಗ್ ನಿಲ್ಲುತ್ತದೆ. ಸಂಜೆ ಕಾಲೇಜು ಬಿಟ್ಟ ಮೇಲೆ ಹುಬ್ಬು ಮಾಡಿಸಲು ಬಂದ ಹುಡುಗಿಯರು ಅರ್ಧ ಗಂಟೆ ಬೆಂಚಿನಲ್ಲಿ ಕೂತು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಉಚಿತ ಬಸ್ ಬಂದ ಮೇಲೆ ಆಲೂರು, ಬೇಲೂರು ಕಡೆಯಿಂದ ಬರುವವರು ಹೆಚ್ಚಾಗಿದ್ದಾರೆ, ಅವರೂ ಗಡಿಯಾರ ನೋಡಿಯೇ ಕೂರುವವರು. ಆದ್ದರಿಂದ ಈ ದಾರಿಗೆ ಸಂಜೆಯ ನಾಲ್ಕು ಗಂಟೆ ಹೊತ್ತಿಗೆ ಒಬ್ಬ ಅರ್ಧ ದಿನದ ಸಹಾಯಕಿ ಬೇಕೇ ಬೇಕು. ಆಕೆಗೆ ತಿಂಗಳಿಗೆ 8,000, ಕಿರಿಯಳ ಹೊಸ ಜವಾಬ್ದಾರಿಗೆ 3,000.

ಮೂರನೆಯದು, ಸ್ವತಂತ್ರವಾಗಿ ಕೆಲಸ ಮಾಡುವವರನ್ನು ಗೊತ್ತಾದ ದಿನಗಳಿಗೆ ಕಮಿಷನ್ ಮೇಲೆ ಕರೆಸುವುದು. ಸಾಮಗ್ರಿ ನಿಮ್ಮದು, ಬಿಲ್ ನಿಮ್ಮದು, ಅವರಿಗೆ 40 ಪ್ರತಿಶತ. ಸ್ಮೂದನಿಂಗ್‌ನ ಐದು ಜನರನ್ನು ತಿಂಗಳ ಎರಡು ಮೂರು ದಿನಗಳಿಗೆ ಒಟ್ಟುಗೂಡಿಸಿದರೆ ಇದು ಚೆನ್ನಾಗಿ ಒದಗುತ್ತದೆ. ತಲಾ 4,000ದಂತೆ 20,000 ಬಂದರೆ 8,000 ಅವರಿಗೆ. ರೂಟ್ ಟಚಪ್‌ಗೆ ಇದು ಒದಗುವುದಿಲ್ಲ. ಬುಧವಾರ ಬೇಕೆಂದವರಿಗೆ ಭಾನುವಾರ ಕೊಟ್ಟರೆ ಅವರು ಬರುವುದಿಲ್ಲ.

ನಾಲ್ಕನೆಯದು, ಪುಸ್ತಕವನ್ನೇ ಚಿಕ್ಕದು ಮಾಡುವುದು: ಹೊಸ ಗ್ರಾಹಕರನ್ನು ತೆಗೆದುಕೊಳ್ಳದಿರುವುದು, ಮದುಮಗಳ ಕೆಲಸವನ್ನು ಪರಿಚಯದ ಬೇರೆ ಪಾರ್ಲರ್‌ಗೆ ಕಳಿಸಿಕೊಡುವುದು. ಸೋಲೊಪ್ಪಿದಂತೆ ಕಾಣುತ್ತದೆ, ಆದರೆ ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಇದರಿಂದ ಕಳೆದುಕೊಳ್ಳುವುದು ಬಹಳ ಕಡಿಮೆ.

ನಮ್ಮ ಉದಾಹರಣೆಗೆ ನನ್ನ ಆಯ್ಕೆ ಎರಡನೆಯದು ಮತ್ತು ಮೂರನೆಯದರ ಜೋಡಿ. ಸಹಾಯಕಿ, ಕಿರಿಯಳ ಹೆಚ್ಚುವರಿ, ಕಮಿಷನ್ ಎಲ್ಲ ಸೇರಿ ತಿಂಗಳಿಗೆ 19,000, ಆರು ತಿಂಗಳಿಗೆ 1,14,000. ಮದುಮಗಳ ಕೆಲಸವನ್ನು ಕಾರ್ತೀಕಕ್ಕೆ ಮಾತ್ರ ಇಟ್ಟುಕೊಂಡು, ಹೊರಗಿನವರ ಟ್ರಯಲ್ ನೋಡಿ ಒಪ್ಪಿದರೆ ಮಾತ್ರ ಮುಂಗಡ ತೆಗೆದುಕೊಳ್ಳುವುದು. ಈಗಾಗಲೇ ಅಕ್ಕನ ಕೈ ಎಂದು ನಂಬಿ ಮುಂಗಡ ಕೊಟ್ಟವರಿಗೆ ನೀವೇ ಫೋನ್ ಮಾಡಿ, ಟ್ರಯಲ್ ಬೇಕೋ ಹಣ ವಾಪಸ್ ಬೇಕೋ ಎಂದು ಕೇಳಿಬಿಡಿ. ಮುಹೂರ್ತದ ಹಿಂದಿನ ವಾರ ಗೊತ್ತಾದರೆ ಆ ಮನೆಯವರು ಊರಿಗೆಲ್ಲ ಹೇಳುತ್ತಾರೆ, ಮತ್ತು ಹೇಳುವುದರಲ್ಲಿ ತಪ್ಪಿಲ್ಲ.

ಬಣ್ಣದ ಕಾರ್ಡ್ ಇಲ್ಲದೆ ಹಂಚಿಕೆ ಇಲ್ಲ

ಕೂದಲಿನ ಬಣ್ಣ ಯಾರ ತಲೆಗೆ ಯಾವುದು ಎಂಬುದು ಹಿರಿಯ ಸ್ಟೈಲಿಸ್ಟ್‌ಗಳ ತಲೆಯಲ್ಲೇ ಇರುತ್ತದೆ. ಆಕೆ ತವರಿಗೆ ಹೋದಾಗ ಅದೂ ಜೊತೆಯಲ್ಲಿ ಹೋಗುತ್ತದೆ. ಕಿರಿಯಳು ಅಂದಾಜಿನ ಮೇಲೆ ಹಚ್ಚಿದ ಬಣ್ಣ ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಎರಡು ವಾರಕ್ಕೆ ಬೇರು ಕೆಂಚಾಗಿ, ಉದ್ದ ಕಪ್ಪಾಗಿ, ಬಿಸಿಲಿನಲ್ಲಿ ಎರಡು ತುಂಡಾಗಿ ಕಾಣುತ್ತದೆ. ಗ್ರಾಹಕರು ದೂರು ಹೇಳುವುದಿಲ್ಲ. ಮುಂದಿನ ಸಲ ಬರುವುದಿಲ್ಲ ಅಷ್ಟೆ.

ಆದ್ದರಿಂದ ರಜೆಗೆ ಮುಂಚಿನ ಹತ್ತು ಹನ್ನೆರಡು ವಾರದಲ್ಲಿ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಬರೆಸಬೇಕು. ಆ ಅವಧಿಯಲ್ಲಿ ಪ್ರತಿ ಕಾಯಂ ಗ್ರಾಹಕರೂ ಎರಡು ಸಲವಾದರೂ ಬಂದಿರುತ್ತಾರೆ. ಮೊದಲ ಸಲ ಅಕ್ಕ ಹಚ್ಚುತ್ತಾರೆ, ಕಿರಿಯಳು ಬರೆದುಕೊಳ್ಳುತ್ತಾಳೆ. ಎರಡನೇ ಸಲ ಕಿರಿಯಳು ಹಚ್ಚುತ್ತಾಳೆ, ಅಕ್ಕ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಾರೆ. ಗ್ರಾಹಕರಿಗೂ ಕೈ ಬದಲಾಗುವುದು ಕಣ್ಣೆದುರೇ ನಡೆಯುತ್ತದೆ. ಕಾರ್ಡ್ ಹೀಗಿರಲಿ:

"ಬ್ರ್ಯಾಂಡ್ ಬದಲಿಸಬಾರದು. ಬೇರು: 4 ಮತ್ತು 5ನೇ ಶೇಡ್ ಸಮಪಾಲು, 20 ವಾಲ್ಯೂಮ್ ಡೆವಲಪರ್, 35 ನಿಮಿಷ. ಬಲ ಕಿವಿಯ ಮೇಲಿನ ಬಿಳಿ ಹಟಮಾರಿ, ಅಲ್ಲಿಂದಲೇ ಶುರು ಮಾಡಿ, 10 ನಿಮಿಷ ಹೆಚ್ಚು ಬಿಡಿ. ಉದ್ದಕ್ಕೆ ಎಳೆಯಬೇಡಿ. ಹಣೆಯಂಚಿಗೆ ಕ್ರೀಮ್ ಸವರಿ, ಚರ್ಮ ಕೆರೆಯುತ್ತದೆ. ಮಾತು ಕಡಿಮೆ ಇಷ್ಟ."

ಕೊನೆಯ ಸಾಲು ತಮಾಷೆಗೆ ಬರೆದದ್ದಲ್ಲ. ನಲವತ್ತು ಜನರಲ್ಲಿ ಹತ್ತು ಜನ ಅಕ್ಕನ ಬಳಿ ಬರುವುದು ಆಕೆ ಸುಮ್ಮನಿರುತ್ತಾರೆ ಎಂಬ ಕಾರಣಕ್ಕೆ. ಇನ್ನೊಂದು ಮಾತು: ರಜೆಯ ಸಮಯದಲ್ಲಿ ವಿತರಕರು ಹೊಸ ಬ್ರ್ಯಾಂಡಿಗೆ ರಿಯಾಯಿತಿ ಕೊಟ್ಟರೆ ಬೇಡವೆನ್ನಿ. ಬ್ರ್ಯಾಂಡ್ ಬದಲಾದರೆ ಶೇಡ್ ಸಂಖ್ಯೆ ಒಂದೇ ಇದ್ದರೂ ಬಣ್ಣ ಒಂದೇ ಬರುವುದಿಲ್ಲ, ಜೊತೆಗೆ 48 ಗಂಟೆ ಮುಂಚೆ ಕಿವಿಯ ಹಿಂದೆ ಅಲರ್ಜಿ ಪರೀಕ್ಷೆಯನ್ನು ಎಲ್ಲರಿಗೂ ಹೊಸದಾಗಿ ಮಾಡಬೇಕಾಗುತ್ತದೆ.

ರಜೆಗೆ ಮುಂಚಿನ ತಿಂಗಳುಗಳು

ಪುಸ್ತಕದ ಮಟ್ಟಿಗೆ ರಜೆ ಒಂದೇ ದಿನ ಶುರುವಾಗುವುದಿಲ್ಲ, ಕೆಲಸದಿಂದ ಕೆಲಸಕ್ಕೆ ಶುರುವಾಗುತ್ತದೆ. ಮೊದಲು ನಿಲ್ಲಬೇಕಾದದ್ದು ಕೆರಾಟಿನ್ ಮತ್ತು ಸ್ಮೂದನಿಂಗ್, ಅದೂ ವಿಷಯ ತಿಳಿದ ದಿನದಿಂದಲೇ. ಇಂಥ ಅನೇಕ ದ್ರಾವಣಗಳು ಬಿಸಿ ಇಸ್ತ್ರಿ ತಗುಲಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಬಾಟಲಿಯ ಮೇಲೆ ಆ ಹೆಸರು ಇಲ್ಲದೆ ಮೀಥೈಲೀನ್ ಗ್ಲೈಕಾಲ್ ಎಂದು ಬರೆದಿದ್ದರೂ ಬಿಸಿಯಲ್ಲಿ ಹೊರಬರುವುದು ಅದೇ. ಕಣ್ಣು ಉರಿದು ಗಂಟಲು ಕೆರೆಯುತ್ತಿದ್ದರೆ ಹೊಗೆ ಇದೆ ಎಂದೇ ಅರ್ಥ. ಆಕೆ ಅದನ್ನು ಮಾಡದಿದ್ದರೆ ಸಾಲದು. ಬೇರೆಯವರು ಮಾಡುವಾಗ ಅದೇ ಎಸಿ ಕೋಣೆಯಲ್ಲಿ ಆಕೆ ಇರಬಾರದು. ಹೀಗಾಗಿ ಕಮಿಷನ್‌ನವರು ಬರುವ ದಿನಗಳನ್ನು ಆಕೆಯ ವಾರದ ರಜೆಯ ದಿನಕ್ಕೆ ಹೊಂದಿಸಿ. ಬಣ್ಣ ಹಚ್ಚುವಾಗ ಕೈಗವಸು, ತೆರೆದ ಕಿಟಕಿ, ಎಕ್ಸಾಸ್ಟ್ ಫ್ಯಾನ್ ಇರಲಿ. ಎಷ್ಟು ದಿನ ಮುಂದುವರಿಸಬಹುದು ಎಂಬುದನ್ನು ಆಕೆಯ ವೈದ್ಯರೇ ಹೇಳಲಿ.

ಆಮೇಲೆ ಬಿಡಬೇಕಾದದ್ದು ಬೆಳಗಿನ ಜಾವದ ಮುಹೂರ್ತದ ಅಲಂಕಾರ. ನಾಲ್ಕು ಗಂಟೆಗೆ ಎದ್ದು ಛತ್ರಕ್ಕೆ ಹೋಗಿ ಮೂರು ಗಂಟೆ ನಿಲ್ಲುವುದು ಐದನೇ ತಿಂಗಳ ನಂತರ ಬೇಡ. ಹೆರಿಗೆ ಸೌಲಭ್ಯದ ಕಾನೂನಿನಲ್ಲೂ ಬಹಳ ಹೊತ್ತು ನಿಲ್ಲುವ ಕೆಲಸದ ಬಗ್ಗೆ ಮಾತಿದೆ: ಹೆರಿಗೆಗೆ ಮುಂಚಿನ ಆರು ವಾರದ ಹಿಂದಿನ ಒಂದು ತಿಂಗಳು, ಆಕೆ ಕೇಳಿಕೊಂಡರೆ, ಅಂಥ ಕೆಲಸ ಕೊಡುವಂತಿಲ್ಲ. ಸ್ಟೈಲಿಸ್ಟ್ ಎಂದರೆ ನಿಲ್ಲುವುದೇ ಕೆಲಸ. ಎತ್ತರ ತಗ್ಗು ಮಾಡಬಹುದಾದ ಚಕ್ರದ ಸ್ಟೂಲು ತಂದರೆ ಬಣ್ಣದ ಕೆಲಸ ಕೂತು ಮಾಡಬಹುದು; ಹೇರ್‌ಕಟ್ ಕಷ್ಟ.

ಸಂಬಳ: ಕಾನೂನು ಎಲ್ಲಿಯವರೆಗೆ, ನಿಮ್ಮ ನಿರ್ಧಾರ ಎಲ್ಲಿಂದ

1961ರ ಹೆರಿಗೆ ಸೌಲಭ್ಯ ಕಾಯ್ದೆ, ಅದರ 2017ರ ತಿದ್ದುಪಡಿ, ಮುಂದೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆ, ಮೂರರಲ್ಲೂ ಅಂಗಡಿಗಳ ಮಟ್ಟಿಗೆ ಗೆರೆ ಹತ್ತು ಜನ. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ, ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದವರಿಗೆ 26 ವಾರ ವೇತನ ಸಹಿತ ರಜೆ; ಅದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರಕ್ಕಿಂತ ಹೆಚ್ಚಿಲ್ಲ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಎಣಿಸುವಾಗ ಹುಷಾರು: ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಜನ ಇದ್ದರೂ ಅಂಗಡಿ ಇದರೊಳಗೆ ಬರುತ್ತದೆ. ಮದುವೆಯ ಹಂಗಾಮಿಗೆಂದು ನಾಲ್ಕು ಜನರನ್ನು ಹೆಚ್ಚಿಗೆ ಇಟ್ಟುಕೊಂಡಿದ್ದವರು ಆ ಹಾಜರಿ ಪುಸ್ತಕವನ್ನು ತೆಗೆದು ನೋಡಲಿ.

ನಮ್ಮ ಉದಾಹರಣೆಯಂತೆ ನಾಲ್ಕೈದು ಜನರ ಅಂಗಡಿಗೆ ಆ ಗೆರೆ ತಾಗುವುದಿಲ್ಲ. ಇಲ್ಲಿ ಹೋಲಿಸಬೇಕಾದದ್ದು ಮೂರು. ಆರು ತಿಂಗಳ ಪೂರ್ತಿ ಸಂಬಳ 1,08,000. ಮೂರು ತಿಂಗಳು ಪೂರ್ತಿ, ಮೂರು ತಿಂಗಳು ಅರ್ಧ ಎಂದರೆ 81,000. ಸಂಬಳವಿಲ್ಲದೆ ಕೆಲಸ ಮಾತ್ರ ಕಾಯ್ದಿಡುವುದು ಎಂದರೆ ಶೂನ್ಯ. ಆದರೆ ಬಾಣಂತನದ ಐದನೇ ತಿಂಗಳಲ್ಲಿ ಕೈಯಲ್ಲಿ ಹಣವಿಲ್ಲದ ಸ್ಟೈಲಿಸ್ಟ್ ಮನೆಯಲ್ಲೇ ಒಂದು ಕುರ್ಚಿ ಹಾಕಿಕೊಳ್ಳುತ್ತಾರೆ, ಆ 40 ಜನರಲ್ಲಿ ಅರ್ಧ ಜನ ಅಲ್ಲಿಗೇ ಹೋಗುತ್ತಾರೆ. ರೂಟ್ ಟಚಪ್ ಒಬ್ಬರಿಗೆ 900 ರೂಪಾಯಿಯಂತೆ ಇಪ್ಪತ್ತು ಜನ ಹೋದರೆ ತಿಂಗಳಿಗೆ 18,000 ಹೋಯಿತು, ಅಂದರೆ ಆಕೆಯ ಸಂಬಳದಷ್ಟೇ, ಅದೂ ಆರು ತಿಂಗಳಿಗಲ್ಲ, ವರ್ಷಗಟ್ಟಲೆ. ಚಿಕ್ಕ ಅಂಗಡಿಗೆ ನಡುವಿನ ದಾರಿ ಹೊಂದುತ್ತದೆ. ಅರ್ಧ ಸಂಬಳದಲ್ಲಿ ಉಳಿಸಿಕೊಂಡ 27,000ವನ್ನು ಆಕೆ ಮರಳಿದ ಮೇಲೆ ಬೋನಸ್ ಆಗಿ ಕೊಡುತ್ತೇನೆ ಎನ್ನುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಹಣ ಬೇಕಾಗುವುದು ಬಾಣಂತನದಲ್ಲಿ.

ಇಎಸ್‌ಐ ನೋಂದಣಿ ಇರುವ ಅಂಗಡಿಯಾದರೆ ಲೆಕ್ಕವೇ ಬೇರೆ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ ಮಾಲೀಕರು 3.25, ನೌಕರರು 0.75 ಪ್ರತಿಶತ ಕಟ್ಟುತ್ತಾರೆ. ಹೆರಿಗೆ ರಜೆಯ 26 ವಾರದ ಹಣವನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಸಂದಿರಬೇಕು. ಚೊಚ್ಚಲ ಮಗುವಿಗೆ ಕೇಂದ್ರದ ಮಾತೃವಂದನಾ ಯೋಜನೆಯ 5,000 ರೂಪಾಯಿ ಅಂಗನವಾಡಿಯ ಮೂಲಕ ಸಿಗಬಹುದು. ತಾಯಿ ಕಾರ್ಡ್ ಮಾಡಿಸುವಾಗಲೇ ಅರ್ಹತೆ ವಿಚಾರಿಸಲು ಹೇಳಿ.

ಯಾವ ದಾರಿಯಾದರೂ ಒಂದು ಪುಟದ ಪತ್ರ ಬರೆದು ಇಬ್ಬರೂ ಸಹಿ ಹಾಕಿ: ರಜೆಯ ದಿನಾಂಕ, ಯಾವ ತಾರೀಖಿಗೆ ಎಷ್ಟು ಹಣ, ಇನ್ಸೆಂಟಿವ್ ಸೇರುತ್ತದೆಯೋ ಇಲ್ಲವೋ, ಮರಳಿದಾಗ ಅದೇ ಹುದ್ದೆ. ಮನೆಯವರಂತೆ ಇದ್ದೇವೆ, ಪತ್ರ ಏಕೆ ಎನ್ನಬೇಡಿ. ಮನಸ್ತಾಪ ಬರುವುದು ಅಂಥ ಕಡೆಯಲ್ಲೇ.

ಮರಳಿದ ಮೇಲೆ: ಯಾವ ಪಾಳಿ?

ಹೆರಿಗೆಯಾದ ಆರು ವಾರ ಕೆಲಸ ಮಾಡಿಸುವುದನ್ನು ಕಾಯ್ದೆ ನಿಷೇಧಿಸಿದೆ. ಹತ್ತು ಜನರ ಗೆರೆಯೊಳಗೆ ಬಾರದ ಅಂಗಡಿಯೂ ಅದನ್ನು ಪಾಲಿಸಲಿ. ನಮ್ಮ ಉದಾಹರಣೆಯಲ್ಲಿ ಆಕೆ ಸಂಕ್ರಾಂತಿ ಕಳೆದು ನಾಲ್ಕು ತಿಂಗಳ ಮಗುವನ್ನು ಅತ್ತೆಯ ಬಳಿ ಬಿಟ್ಟು ಬರುತ್ತಾರೆ.

"ನಿಮಗೆ ಅನುಕೂಲವಾದಾಗ ಬನ್ನಿ, ಅಪಾಯಿಂಟ್‌ಮೆಂಟ್ ಇದ್ದರೆ ಫೋನ್ ಮಾಡುತ್ತೇವೆ" ಎನ್ನುವುದು ಕೇಳಲು ಉದಾರ. ನಡೆಯುವುದು ಮಾತ್ರ ಉಲ್ಟಾ. ಆಕೆ ದಿನವಿಡೀ ಫೋನಿಗೆ ಕಾಯುತ್ತಾರೆ, ಮಗು ಈಗಷ್ಟೇ ಮಲಗಿದಾಗ ಕರೆ ಬರುತ್ತದೆ, ನೀವು ಗ್ರಾಹಕರಿಗೆ ಖಚಿತ ಸಮಯ ಕೊಡಲಾರಿರಿ. ಇದನ್ನು ಬಿಟ್ಟುಬಿಡಿ.

ದಿನ ಬಿಟ್ಟು ದಿನ ಪೂರ್ತಿ ಕೆಲಸ ಎಂದರೆ ಸ್ಮೂದನಿಂಗ್‌ನಂಥ ಉದ್ದದ ಕೆಲಸಕ್ಕೆ ಅನುಕೂಲ, ಬಸ್ಸಿನಲ್ಲಿ ದೂರದಿಂದ ಬರುವವರಿಗೂ ಅನುಕೂಲ. ಆದರೆ ಎಂಟು ಗಂಟೆ ಎದೆಹಾಲು ಕಟ್ಟಿಕೊಂಡು ನಿಲ್ಲುವುದು ನೋವು, ಜ್ವರಕ್ಕೂ ದಾರಿ. ಹಾಲು ತೆಗೆದಿಡಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ, ಒಂದು ಫ್ರಿಜ್ ಇಲ್ಲದೆ ಈ ಪಾಳಿ ಮಾತಾಡಬೇಡಿ. ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಂಬ ಮುರಿದ ಪಾಳಿ ಮನೆ ಹತ್ತು ನಿಮಿಷದ ದೂರದಲ್ಲಿದ್ದರೆ ಮಾತ್ರ, ಊರೊಳಗಿನ ಕೆ.ಆರ್. ಪುರಂನಿಂದ ಸ್ಕೂಟರ್‌ನಲ್ಲಿ ಬರುವವರಿಗೆ ಸರಿ, ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುವವರಿಗೆ ಅದು ಶಿಕ್ಷೆ.

ನನಗೆ ಮೆಚ್ಚುಗೆಯಾದದ್ದು ಬೆಳಗ್ಗೆ ಹತ್ತರಿಂದ ಎರಡರವರೆಗಿನ ಗಿಡ್ಡ ಪಾಳಿ. ಕಾರಣ ಬಣ್ಣದ ಸ್ವಭಾವದಲ್ಲೇ ಇದೆ. ಹಚ್ಚಿದ ಮೇಲೆ 35-40 ನಿಮಿಷ ಅದು ತಾನಾಗಿ ಕೂರಬೇಕು, ಆ ಹೊತ್ತು ಸ್ಟೈಲಿಸ್ಟ್‌ನ ಕೈ ಖಾಲಿ. ಒಂದು ಪುಟ ಹೀಗಿರುತ್ತದೆ: ಹತ್ತಕ್ಕೆ ಮೊದಲ ಬಣ್ಣ. ಹತ್ತೂವರೆಗೆ ಅದು ಕೂರಲು ಬಿಟ್ಟು ಪಕ್ಕದ ಕುರ್ಚಿಯಲ್ಲಿ ಹೇರ್‌ಕಟ್. 11:10ಕ್ಕೆ ಮೊದಲನೆಯವರ ತಲೆ ತೊಳೆದು ಮುಗಿಸುವುದು. ಹನ್ನೊಂದೂವರೆಗೆ ಎರಡನೇ ಬಣ್ಣ. ಹನ್ನೆರಡಕ್ಕೆ ಒಂದು ಕಟ್, 12:40ಕ್ಕೆ ಎರಡನೆಯವರ ತೊಳೆತ. ಒಂದರಿಂದ 1:20ರವರೆಗೆ ಯಾರ ಹೆಸರೂ ಇಲ್ಲ, ಅದು ಹಾಲಿನ ಬಿಡುವು. ಆಮೇಲೆ ಕೊನೆಯ ಕಟ್. ಹನ್ನೆರಡೂವರೆಯ ನಂತರ ಹೊಸ ಬಣ್ಣ ಶುರು ಮಾಡಿದರೆ ಎರಡು ಗಂಟೆ ದಾಟುವುದು ಖಂಡಿತ. ಆ ಬಿಡುವಿನ ಇಪ್ಪತ್ತು ನಿಮಿಷವನ್ನು ಪೆನ್ನಿನಲ್ಲಿ ಗೆರೆ ಎಳೆದು ಮುಚ್ಚಿ. ಖಾಲಿ ಬಿಟ್ಟರೆ ಯಾರಾದರೂ ಥ್ರೆಡಿಂಗ್ ತುರುಕುತ್ತಾರೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವನ್ನು ಕಾಯ್ದೆಯೇ ಹೇಳಿದೆ. ನಾಲ್ಕು ಗಂಟೆಯ ಪಾಳಿಯಲ್ಲಿ ಒಂದು ಸಾಕಾಗಬಹುದು, ಆಕೆಯನ್ನೇ ಕೇಳಿ.

ದಿನಕ್ಕೆ ಎರಡು ಬಣ್ಣ, ಮೂರು ಕಟ್. 40 ರೂಟ್ ಟಚಪ್‌ಗೆ ಇಪ್ಪತ್ತು ದಿನ ಸಾಕು, ಅಷ್ಟರಲ್ಲಿ 60 ಕಟ್‌ಗೆ ಜಾಗ ಸಿಗುತ್ತದೆ. ಹಳೆಯ ಕಾಯಂ ಕೆಲಸವೆಲ್ಲ ಅರ್ಧ ದಿನದ ಪಾಳಿಯೊಳಗೇ ಹಿಡಿಸುತ್ತದೆ ಎಂದಾಯಿತು. ಹೊರಗುಳಿಯುವುದು ಸ್ಮೂದನಿಂಗ್ ಮತ್ತು ಮದುಮಗಳು ಮಾತ್ರ. ಇದಕ್ಕೊಂದು ಮಿತಿಯಿದೆ. ಬ್ಯಾಂಕಿನವರು, ಶಾಲೆಯ ಮೇಡಂಗಳು ಬೆಳಗ್ಗೆ ಬರಲಾರರು. ಅವರ ಹೆಸರನ್ನು ಮೊದಲೇ ಪಟ್ಟಿ ಮಾಡಿ, ತಿಂಗಳಿಗೆ ಎರಡು ಭಾನುವಾರ ಅದೇ ನಾಲ್ಕು ಗಂಟೆಯನ್ನು ಅವರಿಗೆಂದೇ ಇಟ್ಟು, ಬದಲಿಗೆ ವಾರದಲ್ಲೊಂದು ದಿನ ರಜೆ ಕೊಡಿ. ಫೆಬ್ರವರಿಯ ಮಾಘದ ಮದುವೆಗಳಿಗೆ ಆಕೆಯ ಹೆಸರಿನಲ್ಲಿ ಮುಂಗಡ ಬೇಡ.

ಪಾಳಿ ಅರ್ಧವಾದರೆ ಸಂಬಳ ಎಷ್ಟು ಎಂಬ ಪ್ರಶ್ನೆಗೆ ಗಂಟೆ ಲೆಕ್ಕ ಹಿಡಿದರೆ ತಪ್ಪಾಗುತ್ತದೆ, ಏಕೆಂದರೆ ಕಾಯಂ ಗ್ರಾಹಕರ ಆದಾಯ ಪೂರ್ತಿ ಮರಳಿದೆ. 18,000ದಲ್ಲಿ 12,000 ಖಚಿತ, ಮೇಲೆ ಪ್ರತಿ ರೂಟ್ ಟಚಪ್‌ಗೆ 100 ರೂಪಾಯಿ ಎಂದಿಟ್ಟರೆ ನಲವತ್ತಕ್ಕೆ 16,000 ಆಗುತ್ತದೆ. ಮಗುವಿಗೆ ಲಸಿಕೆಯ ದಿನ ಬರಲಾಗದಿದ್ದರೂ ಖಚಿತದ ಭಾಗಕ್ಕೆ ಕೈ ಹಚ್ಚಬೇಡಿ.

ಇನ್ನು ಉಳಿದದ್ದು ಕಿರಿಯಳು. ಆರು ತಿಂಗಳಲ್ಲಿ ಆ ನಲವತ್ತರಲ್ಲಿ ಹತ್ತು ಹನ್ನೆರಡು ಜನ ಅವಳ ಕೈಗೆ ಒಗ್ಗಿರುತ್ತಾರೆ. ಅಕ್ಕ ಬಂದರೆಂದು ಅವರನ್ನೆಲ್ಲ ಎತ್ತಿ ಆಕೆಗೆ ಕೊಟ್ಟರೆ ಕಿರಿಯಳು ಮುಂದಿನ ಯುಗಾದಿಯೊಳಗೆ ಬೇರೆ ಅಂಗಡಿಯಲ್ಲಿರುತ್ತಾಳೆ. ಫೋನಿನಲ್ಲಿ ಗ್ರಾಹಕರನ್ನೇ ಕೇಳಿ: "ಅಕ್ಕ ಬಂದಿದ್ದಾರೆ, ಬೆಳಗಿನ ಹೊತ್ತು ಇರುತ್ತಾರೆ. ನಿಮಗೆ ಯಾರು ಮಾಡಲಿ?" ಕಿರಿಯಳನ್ನು ಕೇಳಿದವರು ಸಂಜೆಗೆ ಹೋಗಲಿ, ಅವಳಿಗೆ ಕೊಟ್ಟ 3,000 ಹಾಗೇ ಮುಂದುವರಿಯಲಿ. ಆ ಹತ್ತು ಜನ ಬಿಟ್ಟ ಬೆಳಗಿನ ಜಾಗಕ್ಕೆ ಹೊಸ ಗ್ರಾಹಕರನ್ನು ಈಗ ತೆಗೆದುಕೊಳ್ಳಬಹುದು.